ಗರ್ಭಿಣಿ ಶ್ರಾವಿಕೆಯ ಆಹಾರದಲ್ಲಿ ಸುಣ್ಣದಂಶ, ಡಿ ಮತ್ತು ಬಿ12 ಜೀವಸತ್ವಗಳು

ಶಾಕಾಹಾರವನ್ನೇ ಕುಲಧರ್ಮವಾಗಿ ಪಾಲಿಸುವ ಮನೆಗಳಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾದಾಗ ಹಿರಿಯರು ಮೊದಲು ವಿಚಾರಿಸುವುದು ಹಾಲು ತುಪ್ಪಗಳ ವಿಷಯವನ್ನು. ವೈದ್ಯರು ವಿಚಾರಿಸುವುದು ಸುಣ್ಣದಂಶ ಎಂದರೆ ಕ್ಯಾಲ್ಸಿಯಂ, ಡಿ ಜೀವಸತ್ವ ಮತ್ತು ಬಿ12 ಜೀವಸತ್ವ ಎಂಬ ಮೂರನ್ನು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇರುವುದರಿಂದ ಮೂರೂ ಒಂದೇ ಬಗೆಯವು, ಒಳ್ಳೆಯ ಊಟದಿಂದ ಮೂರೂ ಒಟ್ಟಿಗೆ ದೊರೆಯುತ್ತವೆ ಎಂಬ ಭಾವನೆ ಬೆಳೆದಿದೆ. ವಸ್ತುಸ್ಥಿತಿ ಹಾಗಿಲ್ಲ. ಸುಣ್ಣದಂಶವು ಅಡುಗೆಮನೆಯಿಂದ ಬರತಕ್ಕದ್ದು. ಡಿ ಜೀವಸತ್ವವು ಬಹುಮಟ್ಟಿಗೆ ಬಿಸಿಲಿನಿಂದ ಬರತಕ್ಕದ್ದು. ಬಿ12 ಜೀವಸತ್ವವಾದರೋ ಯಾವ ಧಾನ್ಯದಲ್ಲಿಯೂ, ಯಾವ ಬೇಳೆ, ಸೊಪ್ಪು, ಹಣ್ಣುಗಳಲ್ಲಿಯೂ ಇಲ್ಲ. ಶಾಕಾಹಾರಿಗೆ ಅದು ಹಾಲಿನ ಮೂಲಕ ಮಾತ್ರ, ಅದೂ ಅತ್ಯಲ್ಪ ಪ್ರಮಾಣದಲ್ಲಿ ಬರುತ್ತದೆ. ಆದ್ದರಿಂದ ಯಾವುದನ್ನು ಊಟದಿಂದಲೇ ತುಂಬಿಕೊಳ್ಳಬಹುದು, ಯಾವುದಕ್ಕೆ ಮಾತ್ರೆಯ ನೆರವು ಬೇಕು ಎಂಬುದನ್ನು ಬೇರೆ ಬೇರೆಯಾಗಿಯೇ ವಿಚಾರ ಮಾಡಬೇಕಾಗುತ್ತದೆ.

ಒಂದು ದಿನದ ಊಟದ ಲೆಕ್ಕ

ವಿಷಯವು ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿ ಸೀಮೆಯ ಒಂದು ಹಳ್ಳಿಯಲ್ಲಿ ಇಪ್ಪತ್ನಾಲ್ಕು ವರ್ಷದ ಸೊಸೆಯೊಬ್ಬಳು ಮೊದಲ ಬಾರಿಗೆ ಗರ್ಭಿಣಿಯಾಗಿದ್ದಾಳೆ. ಹದಿನಾಲ್ಕನೆಯ ವಾರ ನಡೆಯುತ್ತಿದೆ. ಮನೆಯಲ್ಲಿ ಕಂದಮೂಲಗಳಿಲ್ಲ, ಸೂರ್ಯಾಸ್ತದ ಅನಂತರ ಊಟವಿಲ್ಲ. ಎರಡು ಹೊತ್ತು ಚಹಾ, ಎರಡು ಹೊತ್ತು ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯ, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ, ಸಂಜೆ ಊಟದ ಜೊತೆ ಸಣ್ಣ ಲೋಟದಲ್ಲಿ ಹಾಲು ಇದು ಅವಳ ನಿತ್ಯದ ಕ್ರಮ. ಹೊಟ್ಟೆ ತುಂಬುವ ಊಟವೇ ಸರಿ.

ಈಗ ಲೆಕ್ಕ ಹಾಕಿದರೆ, ಎರಡು ಚಹಾಗಳಲ್ಲಿ ಸೇರಿ 100 ಮಿಲಿಲೀಟರು ಹಾಲು, ಮಜ್ಜಿಗೆಯಲ್ಲಿ 50 ಮಿಲಿಲೀಟರು ಮೊಸರು, ಸಂಜೆ 100 ಮಿಲಿಲೀಟರು ಹಾಲು. ಒಟ್ಟು 250 ಮಿಲಿಲೀಟರು. ನೂರು ಮಿಲಿಲೀಟರು ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದಂಶ ಇರುವುದರಿಂದ ಹಾಲಿನಿಂದ 300 ಮಿಲಿಗ್ರಾಂ ದೊರೆಯಿತು. ರೊಟ್ಟಿ, ಬೇಳೆ, ಪಲ್ಯಗಳಿಂದ ಇನ್ನೂ 175 ಮಿಲಿಗ್ರಾಂ ಸೇರಿದರೆ 475 ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಗರ್ಭಿಣಿಗೆ ಸೂಚಿಸಿದ ಪ್ರಮಾಣ ದಿನಕ್ಕೆ 1000 ಮಿಲಿಗ್ರಾಂ. ಅಂದರೆ ಅವಳಿಗೆ ಅರ್ಧಕ್ಕಿಂತ ಕಡಿಮೆ ದೊರೆಯುತ್ತಿದೆ.

ಬಿ12ರ ಲೆಕ್ಕ ಇನ್ನೂ ಕಿರಿದು. ನೂರು ಮಿಲಿಲೀಟರು ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಇರುವುದರಿಂದ 250 ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂ. ಕಾಯಿಸುವಾಗ ಅದರಲ್ಲಿ ಒಂದು ಪಾಲು ನಷ್ಟವಾಗಿ 0.7ರಷ್ಟು ಉಳಿಯುತ್ತದೆ. ಗರ್ಭಿಣಿಗೆ ಬೇಕಾದುದು ದಿನಕ್ಕೆ ಸುಮಾರು ಎರಡೂವರೆ ಮೈಕ್ರೋಗ್ರಾಂ.

ಮನೆಯವರು ಈ ಲೆಕ್ಕವನ್ನು ನೋಡಿ ಊಟವನ್ನು ತಿದ್ದಿದರೆಂದು ಇಟ್ಟುಕೊಳ್ಳೋಣ. ಹಾಲು ಮೊಸರುಗಳನ್ನು ದಿನಕ್ಕೆ 600 ಮಿಲಿಲೀಟರಿಗೆ ಏರಿಸಿದರು; ಒಂದು ಹೊತ್ತು ಜೋಳದ ಬದಲು 60 ಗ್ರಾಂ ರಾಗಿಹಿಟ್ಟಿನ ರೊಟ್ಟಿ ಮಾಡಿದರು. ಹೆಚ್ಚಿದ ಹಾಲಿನಿಂದ 420 ಮಿಲಿಗ್ರಾಂ, ರಾಗಿಯಿಂದ ಜೋಳಕ್ಕಿಂತ 190 ಮಿಲಿಗ್ರಾಂ ಅಧಿಕ. ಸುಣ್ಣದಂಶವು ಸಾವಿರವನ್ನು ದಾಟಿತು. ಆದರೆ ಬಿ12 ಕಾಯಿಸಿದ ಮೇಲೆ ಸುಮಾರು 1.7 ಮೈಕ್ರೋಗ್ರಾಂ ಮಾತ್ರ ಆಯಿತು. ಅದೇ ತಿದ್ದುಪಡಿ ಒಂದನ್ನು ಪೂರ್ಣಗೊಳಿಸಿತು, ಇನ್ನೊಂದನ್ನು ಪೂರ್ಣಗೊಳಿಸಲಿಲ್ಲ. ಡಿ ಜೀವಸತ್ವವಂತೂ ಈ ಊಟದ ಲೆಕ್ಕದಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಈ ವಿಷಯದ ತಿರುಳೆಲ್ಲವೂ ಈ ಒಂದು ಲೆಕ್ಕದಲ್ಲಿ ಅಡಗಿದೆ.

ಸುಣ್ಣದಂಶ

ಹುಟ್ಟುವ ವೇಳೆಗೆ ಶಿಶುವಿನ ಎಲುಬುಗಳಲ್ಲಿ ಸುಮಾರು 30 ಗ್ರಾಂ ಸುಣ್ಣದಂಶ ಸೇರಿರುತ್ತದೆ; ಅದರ ಬಹುಭಾಗವು ಕೊನೆಯ ಮೂರು ತಿಂಗಳುಗಳಲ್ಲಿ ತಾಯಿಯಿಂದ ಹೋಗುತ್ತದೆ. ಇದಕ್ಕಾಗಿ ದೇಹವು ಮುಂಚಿತವಾಗಿಯೇ ಏರ್ಪಾಡು ಮಾಡಿಕೊಳ್ಳುತ್ತದೆ. ಗರ್ಭಕಾಲದಲ್ಲಿ ತಾಯಿಯ ಕರುಳು ಊಟದಲ್ಲಿನ ಸುಣ್ಣದಂಶವನ್ನು ಮೊದಲಿನ ಸುಮಾರು ಎರಡರಷ್ಟು ಹೀರಿಕೊಳ್ಳುತ್ತದೆ. ಆದುದರಿಂದ ಊಟದಲ್ಲಿ ಸ್ವಲ್ಪ ಕೊರತೆಯಾದರೂ ದೇಹವು ಒಂದು ಮಟ್ಟಿಗೆ ಸರಿದೂಗಿಸುತ್ತದೆ. ಬಿ12ಕ್ಕೆ ಇಂತಹ ಅನುಕೂಲವಿಲ್ಲವೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು.

ಹಾಗಾದರೆ ಸುಣ್ಣದ ಮಾತ್ರೆಯ ಪ್ರಯೋಜನವೇನು? ಎಲುಬಿಗಿಂತ ಹೆಚ್ಚಾಗಿ ಅದು ರಕ್ತದೊತ್ತಡಕ್ಕೆ ಸಂಬಂಧಿಸಿದೆ. ಊಟದಲ್ಲಿ ಸುಣ್ಣದಂಶ ಕಡಿಮೆ ಇರುವ ಸ್ತ್ರೀಯರಲ್ಲಿ ಗರ್ಭದ ನಂಜು, ಅಂದರೆ ಇಪ್ಪತ್ತನೆಯ ವಾರದ ಅನಂತರ ರಕ್ತದೊತ್ತಡ ಏರಿ ಮೂತ್ರದಲ್ಲಿ ಸಸಾರಜನಕ ಹೋಗುವ ವ್ಯಾಧಿಯು, ಮಾತ್ರೆಯಿಂದ ಕಡಿಮೆಯಾಗುತ್ತದೆ ಎಂಬುದು ಸಿದ್ಧವಾಗಿದೆ. ಈ ಕಾರಣದಿಂದಲೇ ಭಾರತ ಸರ್ಕಾರವು 2014ರಲ್ಲಿ ಎಲ್ಲ ಗರ್ಭಿಣಿಯರಿಗೂ ಹದಿನಾಲ್ಕನೆಯ ವಾರದಿಂದ ಹೆರಿಗೆಯ ಅನಂತರ ಆರು ತಿಂಗಳವರೆಗೆ ದಿನಕ್ಕೆ ಎರಡು ಮಾತ್ರೆಗಳನ್ನು ಸೂಚಿಸಿತು. ಪ್ರತಿಯೊಂದರಲ್ಲಿಯೂ 500 ಮಿಲಿಗ್ರಾಂ ಸುಣ್ಣದಂಶ ಮತ್ತು 250 ಘಟಕ ಡಿ ಜೀವಸತ್ವ ಇರತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೂ ಹೆಚ್ಚಿನ, ಒಂದೂವರೆಯಿಂದ ಎರಡು ಗ್ರಾಂ ಪ್ರಮಾಣವನ್ನು ಶಿಫಾರಸು ಮಾಡಿತ್ತು. ಆದರೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಮೊದಲ ಹೆರಿಗೆಯ 11,000 ಸ್ತ್ರೀಯರಲ್ಲಿ ನಡೆಸಿ 2024ರ ಜನವರಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನಂಜು ನೂರಕ್ಕೆ 3.0ರಷ್ಟೂ, 1500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 3.6ರಷ್ಟೂ ಕಂಡುಬಂದಿತು. ನಂಜಿನ ತಡೆಗೆ ಅಲ್ಪಪ್ರಮಾಣವು ಅಧಿಕಪ್ರಮಾಣಕ್ಕೆ ಕಡಿಮೆಯೇನಲ್ಲವೆಂದು ಇದರಿಂದ ತಿಳಿದುಬಂದಿತು. ಹಾಲು ರಾಗಿಗಳನ್ನು ಚೆನ್ನಾಗಿ ಉಪಯೋಗಿಸುವ ಗರ್ಭಿಣಿಗೆ ವೈದ್ಯರು ಒಂದೇ ಮಾತ್ರೆ ಸಾಕೆಂದರೆ ಅದರಲ್ಲಿ ಆತಂಕಕ್ಕೆ ಕಾರಣವಿಲ್ಲ.

ಮಾತ್ರೆಯನ್ನು ಕೊಳ್ಳುವಾಗ ಗಮನಿಸಬೇಕಾದ ಒಂದು ಅಂಶವಿದೆ. ಹಾಳೆಯ ಮೇಲೆ 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಮುದ್ರಿಸಿದ್ದರೆ ಅದರಲ್ಲಿ ದೇಹಕ್ಕೆ ಲೆಕ್ಕವಾಗುವ ಸುಣ್ಣದಂಶ 500 ಮಿಲಿಗ್ರಾಂ ಮಾತ್ರ. 500 ಮಿಲಿಗ್ರಾಂ ಕಾರ್ಬೊನೇಟ್ ಎಂದಿದ್ದರೆ ಸುಣ್ಣದಂಶ 200 ಮಾತ್ರ. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕಾದ್ದರಿಂದ ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಬರಿಹೊಟ್ಟೆಯಲ್ಲಿ ಅದು ಸರಿಯಾಗಿ ಮೈಗೂಡುವುದಿಲ್ಲ. ಒಂದೇ ಸಲಕ್ಕೆ ಎರಡು ಮಾತ್ರೆ ನುಂಗುವುದರಿಂದಲೂ ಲಾಭವಿಲ್ಲ, ಏಕೆಂದರೆ ಒಂದು ಹೊತ್ತಿನಲ್ಲಿ ಪ್ರಮಾಣ ಹೆಚ್ಚಿದಷ್ಟೂ ಹೀರಿಕೊಳ್ಳುವ ಪಾಲು ಕುಗ್ಗುತ್ತದೆ.

ಮಾತ್ರೆಯು ನಂಜನ್ನು ತಡೆಯಲು ನೆರವಾಗುತ್ತದೆಯೇ ಹೊರತು ಬಂದ ನಂಜಿಗೆ ಔಷಧವಲ್ಲ. ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇವುಗಳಲ್ಲಿ ಯಾವುದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಿ12: ಹಾಲಿನ ಮಿತಿ

ಬಿ12 ಜೀವಸತ್ವವನ್ನು ತಯಾರಿಸುವುದು ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ, ಕೆಲವು ಸೂಕ್ಷ್ಮಜೀವಿಗಳು. ಹಸು ಎಮ್ಮೆಗಳ ಹೊಟ್ಟೆಯಲ್ಲಿ ಅವು ತಯಾರಿಸಿದ್ದು ಹಾಲಿಗೆ ಇಳಿಯುತ್ತದೆ. ತುಪ್ಪದಲ್ಲಿ ಅದು ಇಲ್ಲ, ಏಕೆಂದರೆ ಬಿ12 ನೀರಿನಲ್ಲಿ ಕರಗತಕ್ಕದ್ದು, ಕೊಬ್ಬಿನಲ್ಲಲ್ಲ. ಆದುದರಿಂದ ಹಾಲು ಕಡಿಮೆಯಾದರೂ ತುಪ್ಪ ಹೇರಳವಾಗಿದೆ ಎಂಬ ಸಮಾಧಾನ ಇಲ್ಲಿ ಸಲ್ಲುವುದಿಲ್ಲ. ಸ್ಪಿರುಲಿನಾ ಎಂಬ ಹಸಿರು ಪುಡಿಯಲ್ಲಿ ಬಿ12 ಇದೆಯೆಂದು ಪ್ರಚಾರ ಮಾಡುವುದುಂಟು; ಅದರಲ್ಲಿ ಇರುವುದರ ಬಹುಪಾಲು ರೂಪದಲ್ಲಿ ಹೋಲುವ, ಮನುಷ್ಯದೇಹದಲ್ಲಿ ಕೆಲಸ ಮಾಡದ ವಸ್ತು. ಅದನ್ನು ನಂಬಿ ಕೂರುವುದು ಸಲ್ಲದು.

ಕರೆದ ಹಾಲನ್ನು ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಒಳಗೆ ಕಾಯಿಸುವ ಮರ್ಯಾದೆ ಶ್ರಾವಕರ ಮನೆಗಳಲ್ಲಿದೆ. ಆ ಒಂದು ಕಾಯಿಸುವಿಕೆಯಿಂದ ಆಗುವ ನಷ್ಟ ಮಿತವಾದದ್ದು. ಆದರೆ ಅದೇ ಹಾಲನ್ನು ದಿನಕ್ಕೆ ನಾಲ್ಕು ಸಲ ಕುದಿಸುವುದರಿಂದ, ಖೋವಾ ಬಾಸುಂದಿಗಳಿಗಾಗಿ ಹೊತ್ತುಗಟ್ಟಲೆ ಬತ್ತಿಸುವುದರಿಂದ ನಷ್ಟ ಹೆಚ್ಚುತ್ತದೆ. ಗರ್ಭಿಣಿಗೆ ಬೇಕಾದ ಹಾಲನ್ನು ಮೊದಲ ಸಲ ಕಾಯಿಸಿದ ಕೂಡಲೆ ತೆಗೆದಿರಿಸಿ, ಕೊಡುವಾಗ ಬೆಚ್ಚಗೆ ಮಾಡಿದರೆ ಸಾಕು.

ಇನ್ನೊಂದು ಮಿತಿ ಕರುಳಿನದು. ಜಠರದಲ್ಲಿ ಸ್ರವಿಸುವ ಒಂದು ವಿಶೇಷ ಸಸಾರಜನಕವು ಬಿ12ನ್ನು ಕೈಹಿಡಿದು ಕರುಳಿನ ಕೊನೆಯವರೆಗೆ ಕರೆದೊಯ್ಯುತ್ತದೆ. ಅಲ್ಲಿ ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ. ಒಂದು ಹೊತ್ತಿಗೆ ಒಂದೂವರೆಯಿಂದ ಎರಡು ಮೈಕ್ರೋಗ್ರಾಂ ಒಳಗೆ ಹೋದ ಮೇಲೆ ಆ ಬಾಗಿಲುಗಳು ಕೆಲವು ಗಂಟೆಗಳ ಕಾಲ ಮುಚ್ಚಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಿದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ತಾನಾಗಿ ಜಿನುಗಿ ಒಳಸೇರುತ್ತದೆ. 500 ಮೈಕ್ರೋಗ್ರಾಂನ ಮಾತ್ರೆ ನೋಡಲು ಅಗತ್ಯದ ಇನ್ನೂರು ಪಟ್ಟು ಎನಿಸಿದರೂ ಅದರಿಂದ ಮೈಗೂಡುವುದು ಆರೇಳು ಮೈಕ್ರೋಗ್ರಾಂ ಮಾತ್ರ. ದೊಡ್ಡ ಅಂಕಿಯನ್ನು ಕಂಡು ಭಯಪಡಬೇಕಾದ್ದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗುತ್ತದೆ.

ತಾಯಿಯಲ್ಲಿ ಬಿ12 ಕಡಿಮೆಯಾದರೆ ಏನಾಗುತ್ತದೆ? ರಕ್ತಹೀನತೆ, ಕೈಕಾಲುಗಳಲ್ಲಿ ಜುಮುಗುಟ್ಟುವಿಕೆ, ನಾಲಗೆ ಕೆಂಪಾಗಿ ಉರಿಯುವುದು, ಬೆರಳಿನ ಗಿಣ್ಣುಗಳು ಕಪ್ಪಾಗುವುದು ಎಂಬ ಲಕ್ಷಣಗಳು ಕಾಣಬಹುದು. ಏನೂ ಕಾಣದೆಯೂ ಇರಬಹುದು. ಏನೂ ಕಾಣದ ತಾಯಿಯ ಶಿಶುವೇ ತೊಂದರೆಗೆ ಸಿಲುಕುವುದು. ಹುಟ್ಟುವಾಗ ಆರೋಗ್ಯವಾಗಿದ್ದು, ತಾಯಿಯ ಹಾಲನ್ನೇ ಕುಡಿದು ಬೆಳೆಯುತ್ತಿರುವ ಮಗುವು ನಾಲ್ಕರಿಂದ ಹನ್ನೆರಡು ತಿಂಗಳುಗಳ ನಡುವೆ ಕ್ರಮೇಣ ಮಂಕಾಗುತ್ತದೆ. ನಗುವುದನ್ನು ನಿಲ್ಲಿಸುತ್ತದೆ, ನಿಂತಿದ್ದ ಕತ್ತು ಮತ್ತೆ ವಾಲುತ್ತದೆ, ಕೂರುತ್ತಿದ್ದ ಮಗು ಕೂರುವುದನ್ನು ಬಿಡುತ್ತದೆ, ಕೈ, ತಲೆಗಳು ನಡುಗತೊಡಗುತ್ತವೆ. ಭಾರತದ ಮಕ್ಕಳ ವೈದ್ಯರು ಇದನ್ನು ಶಿಶುಗಳ ನಡುಕದ ರೋಗವೆಂದು ಬಹುಕಾಲದಿಂದ ಬಲ್ಲರು. ಮಗು ಮೈತುಂಬಿಕೊಂಡಿರುವುದರಿಂದ ಮನೆಯವರಿಗೆ ಅನುಮಾನ ಬರುವುದು ತಡವಾಗುತ್ತದೆ. ಬೇಗ ಗುರುತಿಸಿ ಬಿ12 ಕೊಟ್ಟರೆ ಮಗು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ತಡವಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಕುಂದು ಉಳಿದುಬಿಡಬಹುದು.

ಕಬ್ಬಿಣದ ಮಾತ್ರೆಯೊಂದೇ ಸಾಲದು

ಸರ್ಕಾರದ ವತಿಯಿಂದ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫಾಲಿಕ್ ಆಮ್ಲವೂ ಇವೆ. ಅದರಲ್ಲಿ ಬಿ12 ಇಲ್ಲ. ಸುಣ್ಣದ ಮಾತ್ರೆಯಲ್ಲಿಯೂ ಇಲ್ಲ. ಕೊಟ್ಟ ಮಾತ್ರೆಗಳನ್ನೆಲ್ಲ ಒಂದೂ ಬಿಡದೆ ನುಂಗಿದ ಶಾಕಾಹಾರಿ ಗರ್ಭಿಣಿಗೆ ಬಿ12ರ ಒಂದು ಕಣವೂ ಅವುಗಳಿಂದ ಸಿಕ್ಕಿರುವುದಿಲ್ಲ ಎಂಬುದು ಬಹುತೇಕ ಮನೆಗಳಿಗೆ ತಿಳಿಯದ ಸಂಗತಿ.

ಇದರಲ್ಲಿ ಮತ್ತೊಂದು ತೊಡಕಿದೆ. ಫಾಲಿಕ್ ಆಮ್ಲ ಮತ್ತು ಬಿ12 ರಕ್ತಕಣಗಳ ತಯಾರಿಕೆಯಲ್ಲಿ ಜೊತೆಗಾರರು. ಫಾಲಿಕ್ ಆಮ್ಲ ಹೇರಳವಾಗಿದ್ದರೆ ಬಿ12ರ ಕೊರತೆಯಿಂದಾದ ರಕ್ತಹೀನತೆಯು ಮೇಲುನೋಟಕ್ಕೆ ಮರೆಯಾಗಬಹುದು. ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಪುಣೆಯ ಸಮೀಪದ ಹಳ್ಳಿಗಳಲ್ಲಿ 1993ರಲ್ಲಿ ಆರಂಭವಾದ ಒಂದು ದೀರ್ಘ ಅಧ್ಯಯನದಲ್ಲಿ ಗರ್ಭಿಣಿಯರ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ಬಿ12 ಕಡಿಮೆ ಇತ್ತು. ಅವರಲ್ಲಿ ಫಾಲಿಕ್ ಅಂಶ ಹೆಚ್ಚಾಗಿದ್ದು ಬಿ12 ಕಡಿಮೆಯಾಗಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವರ್ಷಕ್ಕೆ ಮಧುಮೇಹದ ಕಡೆಗೆ ವಾಲುವ ದೇಹಲಕ್ಷಣ ಅಧಿಕವಾಗಿ ಕಂಡುಬಂದಿತೆಂದು 2008ರಲ್ಲಿ ಪ್ರಕಟವಾಯಿತು. ಇದರಿಂದ ಫಾಲಿಕ್ ಆಮ್ಲವನ್ನು ಬಿಡಬೇಕೆಂದು ಅರ್ಥವಲ್ಲ. ಶಿಶುವಿನ ಬೆನ್ನುಹುರಿಯ ರಕ್ಷಣೆಗೆ ಅದು ಅಗತ್ಯ. ಅದರ ಜೊತೆಗಾರನನ್ನೂ ಕೊಡಬೇಕೆಂಬುದೇ ಇದರ ತಾತ್ಪರ್ಯ.

ಉದಾಹರಣೆಯ ಸೊಸೆಯ ರಕ್ತಪರೀಕ್ಷೆಯನ್ನು ಈಗ ನೋಡಬಹುದು. ಹಿಮೋಗ್ಲೋಬಿನ್ 10.2 ಗ್ರಾಂ, ಸ್ವಲ್ಪ ಕಡಿಮೆ. ರಕ್ತಕಣದ ಸರಾಸರಿ ಗಾತ್ರ 86, ಇದು ಸಾಮಾನ್ಯ. ಬಿ12 ಕಡಿಮೆಯಾದಾಗ ಕಣಗಳು ದೊಡ್ಡವಾಗುತ್ತವೆ ಎಂದು ಕಲಿತವರು, ಗಾತ್ರ ಸರಿಯಾಗಿರುವುದರಿಂದ ಬಿ12 ಸರಿಯಾಗಿದೆ ಎಂದು ತೀರ್ಮಾನಿಸಿಬಿಡಬಹುದು. ಆದರೆ ಕಬ್ಬಿಣ ಕಡಿಮೆಯಾದಾಗ ಕಣಗಳು ಚಿಕ್ಕವಾಗುತ್ತವೆ. ಎರಡೂ ಕೊರತೆಗಳು ಒಟ್ಟಿಗಿದ್ದರೆ ದೊಡ್ಡ ಕಣಗಳೂ ಚಿಕ್ಕ ಕಣಗಳೂ ಬೆರೆತು ಸರಾಸರಿ ಮಾತ್ರ ಸಾಮಾನ್ಯವಾಗಿ ತೋರುತ್ತದೆ. ಆದುದರಿಂದ ವೈದ್ಯರು ಬಿ12ನ್ನು ನೇರವಾಗಿಯೇ ಅಳೆಯಿಸಿದರು. ಅದು 142 ಪಿಕೋಗ್ರಾಂ. 200ಕ್ಕಿಂತ ಕೆಳಗಿದ್ದರೆ ಕೊರತೆಯೆಂದೂ, 200ರಿಂದ 300ರವರೆಗೆ ಸಂದೇಹವೆಂದೂ ಸಾಮಾನ್ಯವಾಗಿ ಎಣಿಸಲಾಗುತ್ತದೆ. ತಿಂಗಳು ತುಂಬುತ್ತ ಹೋದಂತೆ ರಕ್ತದ ದ್ರವ ಹೆಚ್ಚುವುದರಿಂದ ಈ ಅಂಕಿಯು ಸಹಜವಾಗಿಯೂ ಇಳಿಯುತ್ತದೆ. ಅದಕ್ಕಾಗಿ ಪರೀಕ್ಷೆಯನ್ನು ಗರ್ಭದ ಆರಂಭದಲ್ಲಿಯೇ, ಮಾತ್ರೆ ತೊಡಗುವ ಮುನ್ನ ಮಾಡಿಸುವುದು ಲೇಸು.

ಕೊರತೆ ಸ್ಥಿರಪಟ್ಟ ಮೇಲೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯನ್ನಾಗಲಿ, ವೈದ್ಯರು ಅಗತ್ಯವೆಂದು ಕಂಡರೆ ಚುಚ್ಚುಮದ್ದನ್ನಾಗಲಿ ಕೊಡುತ್ತಾರೆ. ಕೊರತೆ ಇಲ್ಲದಿದ್ದರೂ ಶಾಕಾಹಾರಿ ಗರ್ಭಿಣಿಗೆ ಸಣ್ಣ ಪ್ರಮಾಣದ ನಿತ್ಯದ ಮಾತ್ರೆ ಉಪಯುಕ್ತವೇ. ಬೆಂಗಳೂರಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗರ್ಭದ ಆರಂಭದಿಂದ ಹೆರಿಗೆಯಾದ ಆರು ವಾರಗಳವರೆಗೆ ದಿನಕ್ಕೆ 50 ಮೈಕ್ರೋಗ್ರಾಂ ತೆಗೆದುಕೊಂಡ ತಾಯಂದಿರ ರಕ್ತದಲ್ಲಿಯೂ, ಎದೆಹಾಲಿನಲ್ಲಿಯೂ, ಅವರ ಶಿಶುಗಳ ರಕ್ತದಲ್ಲಿಯೂ ಬಿ12 ಹೆಚ್ಚಿತು. ಶಿಶುವಿನ ಬೆನ್ನುಹುರಿಯ ಕೊಳವೆಯು ಗರ್ಭ ನಿಂತ ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳುವುದರಿಂದ, ಗರ್ಭವನ್ನು ಬಯಸುವ ಸೊಸೆಗೆ ಮುಂಚೆಯೇ ಪರೀಕ್ಷೆ ಮಾಡಿಸುವುದು ಇನ್ನೂ ಉತ್ತಮ.

ಡಿ ಜೀವಸತ್ವ ಮತ್ತು ಬಿಸಿಲು

ಡಿ ಜೀವಸತ್ವವಿಲ್ಲದೆ ಸುಣ್ಣದಂಶವು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ದಿನಕ್ಕೆ ಬೇಕಾದ ಪ್ರಮಾಣ 600 ಘಟಕಗಳು. ಮನೆಯ ಹಸುವಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಟಣದ ಹಾಲಿನಲ್ಲಿ ಬಲವರ್ಧನೆಯ ಗುರುತು ಮುದ್ರಿತವಾಗಿದ್ದರೆ ಮಾತ್ರ ಸ್ವಲ್ಪಮಟ್ಟಿಗೆ ಸೇರಿಸಿರುತ್ತಾರೆ.

ಎಳೆಬಿಸಿಲಿನಲ್ಲಿ ಕುಳಿತರೆ ಡಿ ಜೀವಸತ್ವ ಬರುತ್ತದೆ ಎಂಬ ಮಾತು ರೂಢಿಯಲ್ಲಿದೆ. ಚರ್ಮದಲ್ಲಿ ಅದನ್ನು ಉಂಟುಮಾಡುವ ಕಿರಣಗಳು ಸೂರ್ಯನು ದಿಗಂತದ ಹತ್ತಿರವಿರುವಾಗ ಭೂಮಿಗೆ ಬಹಳ ಕಡಿಮೆ ತಲುಪುತ್ತವೆ. ಗುರುತಿಸಲು ಸುಲಭವಾದ ಉಪಾಯವೊಂದಿದೆ: ಬಿಸಿಲಿನಲ್ಲಿ ನಿಂತವಳ ನೆರಳು ಅವಳ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಉಪಯುಕ್ತ, ಉದ್ದವಾಗಿದ್ದರೆ ಅಷ್ಟು ಪ್ರಯೋಜನವಿಲ್ಲ. ಕಿಟಕಿಯ ಗಾಜಿನ ಹಿಂದೆ ಕುಳಿತರೂ ಫಲವಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಮುಂಗೈ, ಕುತ್ತಿಗೆ, ಪಾದಗಳಿಗಷ್ಟೇ ಬಿಸಿಲು ತಾಗುವ ಉಡುಗೆಯಲ್ಲಿ, ಶ್ಯಾಮಲವರ್ಣದ ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಮಳೆಗಾಲದ ಮೋಡದಲ್ಲಿ, ಮನೆಯೊಳಗೇ ದಿನ ಕಳೆಯುವ ಗರ್ಭಿಣಿಗೆ ಬಿಸಿಲೊಂದನ್ನೇ ನಂಬುವುದು ಕಷ್ಟ.

ಕೊರತೆಯಾದರೆ ಸೊಂಟ ತೊಡೆಗಳ ಎಲುಬು ನೋಯುವುದು, ನೆಲದಿಂದ ಏಳಲು ಕೈಯೂರಬೇಕಾಗುವುದು ಉಂಟು. ತೀವ್ರ ಕೊರತೆಯಿರುವ ತಾಯಿಯ ನವಜಾತ ಶಿಶುವಿಗೆ ಸುಣ್ಣದಂಶ ಕುಸಿದು ಸೆಳೆವು ಬರಬಹುದು. ಎಲ್ಲ ಗರ್ಭಿಣಿಯರಿಗೂ ಅಧಿಕ ಪ್ರಮಾಣ ಕೊಡಬೇಕೇ ಎಂಬಲ್ಲಿ ತಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಕೊರತೆ ಇರುವವರಿಗೆ ಕೊಡಬೇಕೆಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ಸರ್ಕಾರದ ಎರಡು ಸುಣ್ಣದ ಮಾತ್ರೆಗಳಲ್ಲಿಯೇ 500 ಘಟಕಗಳು ಇರುವುದರಿಂದ ಅವನ್ನು ಕ್ರಮವಾಗಿ ತೆಗೆದುಕೊಳ್ಳುವವಳಿಗೆ ನಿತ್ಯದ ಅಗತ್ಯ ಬಹುಮಟ್ಟಿಗೆ ಪೂರೈಸುತ್ತದೆ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಅಂಗಡಿಗಳಲ್ಲಿ 60,000 ಘಟಕಗಳ ಪುಡಿಯೂ ಮಾತ್ರೆಯೂ ದೊರೆಯುತ್ತವೆ. ಅವು ಕೊರತೆ ಇರುವವರಿಗೆ, ವೈದ್ಯರು ಹೇಳಿದಷ್ಟು ವಾರ, ವಾರಕ್ಕೆ ಒಂದರಂತೆ ತೆಗೆದುಕೊಳ್ಳತಕ್ಕವು. ತಪ್ಪು ತಿಳಿವಳಿಕೆಯಿಂದ ಅದನ್ನೇ ನಿತ್ಯವೂ ತೆಗೆದುಕೊಂಡರೆ ರಕ್ತದಲ್ಲಿ ಸುಣ್ಣದಂಶ ಮಿತಿಮೀರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಮಂಪರು ಉಂಟಾಗಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಬಿ12ರಂತೆ ಇದು ಮೂತ್ರದಲ್ಲಿ ಹೊರಹೋಗದೆ ದೇಹದ ಕೊಬ್ಬಿನಲ್ಲಿ ಶೇಖರವಾಗುತ್ತದೆ. ವಾಂತಿಯು ಗರ್ಭದಿಂದಲೇ ಎಂದು ಭಾವಿಸುವ ಸಂಭವವಿರುವುದರಿಂದ ಇದರಲ್ಲಿ ವಿಶೇಷ ಎಚ್ಚರ ಬೇಕು.

ವ್ರತನಿಯಮಗಳೊಡನೆ ಹೊಂದಿಕೆ

ರಾತ್ರಿಭೋಜನತ್ಯಾಗಕ್ಕೂ ಈ ಮೂರು ಅಂಶಗಳಿಗೂ ವಿರೋಧವಿಲ್ಲ. ಕಂದಮೂಲಗಳನ್ನು ಬಿಟ್ಟಿರುವುದರಿಂದಲೂ ಕೊರತೆಯಿಲ್ಲ, ಏಕೆಂದರೆ ಇವುಗಳಿಗೆ ಅವು ಮುಖ್ಯ ಮೂಲವಲ್ಲ. ಚಾತುರ್ಮಾಸದಲ್ಲಿ ಸೊಪ್ಪುಗಳನ್ನು ಬಿಡುವ ಮನೆಗಳಲ್ಲಿ ನುಗ್ಗೆಸೊಪ್ಪು, ಹರಿವೆಗಳ ಸುಣ್ಣದಂಶ ತಪ್ಪುತ್ತದೆ. ಅದನ್ನು ರಾಗಿ, ಎಳ್ಳು, ಹುರುಳಿ ಮತ್ತು ಹಾಲಿನಿಂದ ತುಂಬಬಹುದು. ಪಾಲಕ್ ತಪ್ಪಿದ್ದಕ್ಕೆ ಚಿಂತೆ ಬೇಡ; ಅದರಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಬಿಗಿಹಿಡಿದಿರುವುದರಿಂದ ಮೈಗೆ ಹತ್ತುವುದು ಅತ್ಯಲ್ಪ.

ವಿಚಾರ ಮಾಡಬೇಕಾದವು ಎರಡು. ಮೊದಲನೆಯದು ರಸತ್ಯಾಗ. ವಾರದಲ್ಲಿ ಒಂದು ದಿನ ಹಾಲನ್ನು ಬಿಟ್ಟರೆ ಬಾಧೆಯಿಲ್ಲ. ಆದರೆ ತಿಂಗಳುಗಟ್ಟಲೆ ಹಾಲು ಮೊಸರುಗಳೆರಡನ್ನೂ ಬಿಟ್ಟ ಗರ್ಭಿಣಿಗೆ ಬಿ12ರ ಏಕಮಾತ್ರ ಮೂಲವೇ ಇಲ್ಲವಾಗುತ್ತದೆ. ಅಂಥವಳಿಗೆ ಮಾತ್ರೆಯು ಐಚ್ಛಿಕವಲ್ಲ, ಅನಿವಾರ್ಯ. ಎರಡನೆಯದು ಏಕಾಶನ. ದಿನಕ್ಕೆ ಒಂದೇ ಹೊತ್ತು ಉಂಡರೆ, ಹಾಲನ್ನು ಎಷ್ಟೇ ಕುಡಿದರೂ ಕರುಳಿನ ಬಾಗಿಲು ಒಂದೇ ಸಲ ತೆರೆಯುತ್ತದೆ. ಸುಣ್ಣದಂಶದ ಹೀರುವಿಕೆಯೂ ಕುಗ್ಗುತ್ತದೆ. ಅದೇ 600 ಮಿಲಿಲೀಟರು ಹಾಲನ್ನು ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಮೂರು ಪಾಲು ಮಾಡಿ ಕೊಟ್ಟರೆ ಪ್ರತಿಯೊಂದು ಪಾಲೂ ಸಾರ್ಥಕವಾಗುತ್ತದೆ. ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗೆ ಅನುಸಾರವಾಗಿ ಎಂಬ ವಿಶೇಷಣದೊಡನೆಯೇ ಹೇಳಿರುವುದು ಎಲ್ಲ ಶ್ರಾವಕರಿಗೂ ತಿಳಿದದ್ದೇ. ಗರ್ಭಿಣಿಯ ಶಕ್ತಿಯು ಇಬ್ಬರದು.

ಮಾತ್ರೆಯ ಮೂಲ

ಮಾತ್ರೆಯಲ್ಲಿ ಏನಿದೆ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಇಂದು ಬಿ12ನ್ನು ಕಾರ್ಖಾನೆಗಳಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ, ಪಶುವಿನ ಅಂಗದಿಂದಲ್ಲ. ಸುಣ್ಣದ ಮಾತ್ರೆಗೆ ಖನಿಜದ ಸುಣ್ಣಕಲ್ಲನ್ನೂ ಬಳಸುತ್ತಾರೆ, ಸಿಂಪಿಯ ಚಿಪ್ಪನ್ನೂ ಬಳಸುತ್ತಾರೆ. ಸಿಂಪಿಯದಾದರೆ ಸಾಮಾನ್ಯವಾಗಿ ಹಾಗೆಂದು ಹಾಳೆಯ ಮೇಲೆ ಹೇಳಿರುತ್ತಾರೆ. ಡಿ3 ಎಂಬ ರೂಪವು ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನಿಂದ ತಯಾರಿಸಿದ್ದೂ ದೊರೆಯುತ್ತದೆ. ಡಿ2 ಎಂಬುದು ಯೀಸ್ಟಿನಂಥ ಶಿಲೀಂಧ್ರದಿಂದ ಬರುವಂಥದು. ಡಿ3ರಷ್ಟು ಬಲವಾಗಿ ಅದು ಕೆಲಸ ಮಾಡುವುದಿಲ್ಲ. ಮೃದುವಾದ, ಹೊಳೆಯುವ ಗುಳಿಗೆಗಳ ಹೊರಕವಚವು ಸಾಮಾನ್ಯವಾಗಿ ಜೆಲಟಿನ್, ಅಂದರೆ ಪಶುಗಳ ಚರ್ಮ ಎಲುಬುಗಳಿಂದ ತೆಗೆದದ್ದು. ಇದನ್ನು ತಪ್ಪಿಸುವುದು ಸುಲಭ. ಅವೇ ಔಷಧಗಳು ಒತ್ತಿದ ಗಟ್ಟಿ ಮಾತ್ರೆಯಾಗಿಯೂ, ದ್ರವವಾಗಿಯೂ, ಪುಡಿಯಾಗಿಯೂ ದೊರೆಯುತ್ತವೆ. ಹಾಳೆಯ ಮೇಲೆ ಎಲ್ಲ ಪದಾರ್ಥಗಳೂ ಮುದ್ರಿತವಾಗಿರದ ಕಾರಣ, ಸಂದೇಹವಿದ್ದರೆ ತಯಾರಕರನ್ನೇ ಕೇಳಬೇಕು. ವೈದ್ಯರಿಗೆ ಮೊದಲೇ ಹೇಳಿದರೆ ಅವರು ತಕ್ಕ ರೂಪವನ್ನೇ ಬರೆದುಕೊಡುತ್ತಾರೆ. ಮೂಲದ ಸಂದೇಹದಿಂದ ಮಾತ್ರೆಯನ್ನು ಮೌನವಾಗಿ ಬಿಟ್ಟುಬಿಡುವುದು ಮಾತ್ರ ಸಲ್ಲದು.

ಸೂರ್ಯಾಸ್ತದೊಳಗಿನ ದಿನಕ್ರಮ

ಸುಣ್ಣದಂಶವು ಕಬ್ಬಿಣದ ಹೀರುವಿಕೆಗೆ ಅಡ್ಡಿ ಮಾಡುವುದರಿಂದ ಅವೆರಡರ ನಡುವೆ ಎರಡು ಗಂಟೆಗಳಾದರೂ ಅಂತರ ಬೇಕು. ಸಾಮಾನ್ಯವಾಗಿ ಕಬ್ಬಿಣವನ್ನು ರಾತ್ರಿ ತೆಗೆದುಕೊಳ್ಳಲು ಹೇಳುತ್ತಾರೆ. ರಾತ್ರಿ ಏನನ್ನೂ ಸೇವಿಸದ ಗರ್ಭಿಣಿಯು ಹಾಗೆಂದು ಅದನ್ನು ಬಿಡಬೇಕಾದ್ದಿಲ್ಲ. ಉದಾಹರಣೆಯ ಸೊಸೆಗೆ ಹೀಗೆ ಏರ್ಪಡಿಸಬಹುದು. ಬೆಳಗ್ಗೆ ಎಂಟಕ್ಕೆ ಉಪಾಹಾರ, ಹಾಲು, ಅದರೊಡನೆ ಒಂದು ಸುಣ್ಣದ ಮಾತ್ರೆ. ಹನ್ನೊಂದಕ್ಕೆ ನಿಂಬೆಯ ಪಾನಕದೊಡನೆ ಕಬ್ಬಿಣದ ಮಾತ್ರೆ; ಆಗ ಚಹಾ, ಹಾಲು ಬೇಡ. ಒಂದು ಗಂಟೆಯ ಸುಮಾರಿಗೆ ಊಟ, ಮೊಸರು, ಬಿ12 ಮಾತ್ರೆ. ಸಂಜೆ ಐದೂವರೆಗೆ ಊಟ, ಹಾಲು, ಎರಡನೆಯ ಸುಣ್ಣದ ಮಾತ್ರೆ. ಥೈರಾಯ್ಡ್ ಮಾತ್ರೆಯನ್ನು ಬೆಳಗ್ಗೆ ತೆಗೆದುಕೊಳ್ಳುವವಳಾದರೆ ಅದಕ್ಕೂ ಸುಣ್ಣಕ್ಕೂ ನಾಲ್ಕು ಗಂಟೆಗಳ ಅಂತರ ಬೇಕು. ಆಗ ಬೆಳಗಿನ ಸುಣ್ಣದ ಮಾತ್ರೆಯನ್ನು ಮಧ್ಯಾಹ್ನದ ಊಟಕ್ಕೂ, ಕಬ್ಬಿಣವನ್ನು ಅದಕ್ಕೆ ಮೂರು ಗಂಟೆ ಮುಂಚೆಗೂ ಸರಿಸಬಹುದು.

ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದು ಮೂರು ನಾಲ್ಕು ವಾರಗಳಲ್ಲಿ ತಿಳಿಯುತ್ತದೆ. ಆ ವೇಳೆಗೆ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟಾದರೂ ಏರತೊಡಗಿರಬೇಕು. ಏರದಿದ್ದರೆ ಮಾತ್ರೆ ತಪ್ಪುತ್ತಿದೆಯೇ, ಕಬ್ಬಿಣ ಸುಣ್ಣಗಳು ಒಟ್ಟಿಗೆ ಹೋಗುತ್ತಿವೆಯೇ, ಆಮ್ಲಪಿತ್ತದ ಔಷಧವನ್ನೋ ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದಾಳೆಯೇ ಎಂದು ವಿಚಾರಿಸಬೇಕು. ಈ ಎರಡು ಔಷಧಗಳೂ ಬಿ12ರ ಹೀರುವಿಕೆಯನ್ನು ಕುಗ್ಗಿಸುತ್ತವೆ.

ಹೆರಿಗೆಯಾದ ದಿನವೇ ಮಾತ್ರೆಗಳನ್ನು ನಿಲ್ಲಿಸುವ ವಾಡಿಕೆ ಕೆಲವೆಡೆ ಇದೆ. ಬಾಣಂತನದಲ್ಲಿ ಬಿ12ರ ಅಗತ್ಯವು ಗರ್ಭಕಾಲಕ್ಕಿಂತ ಹೆಚ್ಚು, ದಿನಕ್ಕೆ ಮೂರು ಮೈಕ್ರೋಗ್ರಾಂ ಮೀರುತ್ತದೆ. ಶಿಶುವಿಗೆ ಬರುವುದೆಲ್ಲವೂ ಎದೆಹಾಲಿನಿಂದಲೇ. ಆದುದರಿಂದ ಸುಣ್ಣದ ಮಾತ್ರೆಯನ್ನು ಆರು ತಿಂಗಳವರೆಗೂ, ಬಿ12ನ್ನು ಮಗು ಎದೆಹಾಲನ್ನು ಬಿಡುವವರೆಗೂ ಮುಂದುವರಿಸತಕ್ಕದ್ದು. ಡಿ ಜೀವಸತ್ವವು ಎದೆಹಾಲಿನಲ್ಲಿ ಸಾಕಷ್ಟು ಇಳಿಯದ ಕಾರಣ ಶಿಶುವಿಗೆ ಮೊದಲ ವರ್ಷ ದಿನಕ್ಕೆ 400 ಘಟಕಗಳ ಹನಿಗಳನ್ನು ಮಕ್ಕಳ ವೈದ್ಯರು ಬೇರೆಯಾಗಿಯೇ ಸೂಚಿಸುತ್ತಾರೆ.